ಇಪ್ಪತ್ತೇಳು ಕಟ್ಟು ಚೀಲ, ಹಿಂದೆ ನಿಂತ ಮೈನಸ್

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ರಾಯಬಾಗದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಅಲ್ಲೇ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಮಾಳಿಗೆಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಆ ಮೂರು ತಿಂಗಳ ಸರ್ಟಿಫಿಕೇಟಿನಿಂದಲೇ ನನಗೆ ಕೆಲಸ ಸಿಕ್ಕಿತು. ಇಡೀ ವಿಭಾಗದಲ್ಲಿ ಮೌಸ್ ಹಿಡಿಯಲು ಬರುತ್ತಿದ್ದುದು ನನಗೊಬ್ಬಳಿಗೇ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ತಂದವಳೂ ನಾನೇ ಮೊದಲು. ಅಪ್ಪ ಅಥಣಿ ತಾಲೂಕಿನ ಅನಂತಪುರದಲ್ಲಿ ಎರಡು ಎಕರೆ ಹೊಲ, ನಲವತ್ತು ಕುರಿ ನೋಡಿಕೊಂಡಿದ್ದ. ನಾನು ರಾಯಬಾಗದಲ್ಲಿ ಒಂದು ಖೋಲಿ ಹಿಡಿದಿದ್ದೆ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ.

ಕಾರ್ಖಾನೆಯಲ್ಲಿ ಎರಡು ಥರದ ಕಂಪ್ಯೂಟರ್ ಇದ್ದವು. ಒಂದು, ಗಾಜಿನ ಕೋಣೆಯೊಳಗಿನ ದೊಡ್ಡ ಯಂತ್ರ. ಕಬ್ಬಿನ ಬಿಲ್ಲು, ಪಗಾರ, ಸ್ಟೋರಿನ ಜಮಾ-ಖರ್ಚು ಎಲ್ಲ ಅದರಲ್ಲೇ. ಅದರ ಪ್ರೋಗ್ರಾಂ ಬರೆದವರು ನಿಪ್ಪಾಣಿಯವರು, ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದರು. ಇನ್ನೊಂದು, ನನ್ನ ಮೇಜಿನ ಮೇಲೆ ಆ ವರ್ಷವೇ ಬಂದಿದ್ದ ಬಣ್ಣದ ಪರದೆಯ ಹೊಸ ಯಂತ್ರ. ಅದರಲ್ಲಿ ಅಡ್ಡ-ಉದ್ದ ಗೆರೆಗಳ ನಡುವೆ ಚೌಕ ಚೌಕದ ಮನೆಗಳಿರುವ ಸ್ಪ್ರೆಡ್‌ಶೀಟ್ ಇತ್ತು. ದೊಡ್ಡ ಯಂತ್ರದ ವರದಿಯನ್ನು ಫೈಲ್ ಮಾಡಿಸಿ, ಫ್ಲಾಪಿಯಲ್ಲಿ ತಂದು, ನನ್ನ ಯಂತ್ರದಲ್ಲಿ ತೆರೆದರೆ ಮನೆ ಮನೆಗೆ ಅಂಕಿಗಳು ಬಂದು ಕೂರುತ್ತಿದ್ದವು. ಕೆಳಗೆ ಒಂದು ಸೂತ್ರ ಬರೆದರೆ ಸಾಕು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಟ್ಟು ಮೊತ್ತ, ಅಂದರೆ ಬೇರೀಜು, ಬರುತ್ತಿತ್ತು. ಅದಕ್ಕೂ ಮೊದಲು ಆ ಬೇರೀಜನ್ನು ಒಬ್ಬ ಹಳೆಯ ಕಾರಕೂನರು ಕ್ಯಾಲ್ಕ್ಯುಲೇಟರ್ ಹಿಡಿದು ಎರಡು ದಿನ ಕೂತು ಹಾಕುತ್ತಿದ್ದರಂತೆ. ಅವರು ನಿವೃತ್ತರಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಸಿದಾಗ ನಮ್ಮ ಮುಖ್ಯ ಲೆಕ್ಕಿಗರು, ಎಲ್ಲರೂ ಸಾಹೇಬರು ಎನ್ನುತ್ತಿದ್ದವರು, ಪಕ್ಕದ ವಿಭಾಗದವರನ್ನು ಕರೆತಂದು ತೋರಿಸಿದ್ದರು. ನನಗೂ ಜಂಬ ಬಂದಿತ್ತು.

ಆ ಏಪ್ರಿಲ್ ಮೊದಲ ವಾರ ಸ್ಟೋರಿನ ವರ್ಷದ ಲೆಕ್ಕ ಹೊಂದಿಸಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬಾರದಾನ. ಸಕ್ಕರೆ ತುಂಬುವ ಖಾಲಿ ಗೋಣಿಚೀಲಗಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಲೆಕ್ಕ ಬಹಳ ಸರಳ. ವರ್ಷದ ಆರಂಭದಲ್ಲಿ ಗೋದಾಮಿನಲ್ಲಿ ಮೂರು ಸಾವಿರದ ಇನ್ನೂರು ಚೀಲ ಇದ್ದವು. ಅದಕ್ಕೆ ಒಳಗೆ ಬಂದದ್ದನ್ನು ಕೂಡಿಸಬೇಕು, ಸಕ್ಕರೆ ತುಂಬಲು ಹೊರಗೆ ಕೊಟ್ಟದ್ದನ್ನು ಕಳೆಯಬೇಕು. ಉಳಿದದ್ದು ಗೋದಾಮಿನಲ್ಲಿರುವ ಚೀಲಕ್ಕೆ ಸರಿಹೋಗಬೇಕು. ಹೊರಗೆ ಕೊಟ್ಟದ್ದು ಎಂಬತ್ತೊಂಬತ್ತು ಸಾವಿರದ ಏಳುನೂರು ಎಂದು ಸ್ಟೋರಿನಿಂದಲೇ ಬರೆದು ಬಂದಿತ್ತು. ಒಳಗೆ ಬಂದದ್ದರ ಮೊತ್ತ ಮಾತ್ರ ನಾನು ತೆಗೆಯಬೇಕಿತ್ತು. ದೊಡ್ಡ ಯಂತ್ರದ ವರದಿಯಲ್ಲಿ ಚೀಲ, ಸುಣ್ಣ, ಗಂಧಕ, ಸುತಳಿ ಎಲ್ಲ ತಾರೀಖಿನ ಪ್ರಕಾರ ಕಲೆತು ಬರುತ್ತಿದ್ದವು. ಪ್ರತಿ ಸಾಮಾನಿನ ಬೇರೆ ಬೇರೀಜು ಅದರಲ್ಲಿ ಇರುತ್ತಿರಲಿಲ್ಲ.

ನಾನು ಫೈಲು ತೆರೆದು, ಚೀಲದ ಸಾಲುಗಳನ್ನಷ್ಟೇ ಬೇರೆ ಮಾಡಿದೆ. ಅರವತ್ತೊಂದು ಸಾಲು. ಅವುಗಳಲ್ಲಿ ನಾಲ್ಕು ಅಂಕಿಗಳು ಉಳಿದವುಗಳ ಹಾಗೆ ಬಲಕ್ಕೆ ನಿಂತಿರಲಿಲ್ಲ, ಎಡಗೋಡೆಗೆ ಅಂಟಿಕೊಂಡಿದ್ದವು. ಐನೂರು, ನಾನೂರು, ಮುನ್ನೂರು, ನೂರೈವತ್ತು. ಈ ನಾಲ್ಕಕ್ಕೂ ಹಿಂದುಗಡೆ ಒಂದೊಂದು ಮೈನಸ್ ಗುರುತು ಇತ್ತು. ಅದೇನೆಂದು ನನಗೆ ಗೊತ್ತಿತ್ತು. ತೂತು ಇದ್ದ ಚೀಲಗಳನ್ನು ವ್ಯಾಪಾರಿಗೆ ವಾಪಸು ಕಳಿಸಿದರೆ ದೊಡ್ಡ ಯಂತ್ರ ಅದನ್ನು ಹಾಗೆ ಬರೆಯುತ್ತಿತ್ತು. ಛಾಪಿಸಿದ ಕಾಗದದಲ್ಲೂ ಮೈನಸ್ ಅಂಕಿಯ ಹಿಂದೆಯೇ ಬರುತ್ತಿತ್ತು, ಅದನ್ನು ನೋಡಿ ನೋಡಿ ಕಣ್ಣಿಗೆ ರೂಢಿಯಾಗಿತ್ತು. ಆದರೆ ಎಡಕ್ಕೆ ಅಂಟಿದ್ದು ಚಂದ ಕಾಣಲಿಲ್ಲ. ಇಡೀ ಕಾಲಮ್ಮನ್ನು ಹಿಡಿದು ಬಲಕ್ಕೆ ಜೋಡಿಸುವ ಗುಂಡಿ ಒತ್ತಿದೆ. ಎಲ್ಲವೂ ಸಾಲಾಗಿ ನಿಂತವು. ಬೇರೀಜು ತೊಂಬತ್ತಾರು ಸಾವಿರದ ನಾನೂರ ಐವತ್ತು ಬಂತು. ಹಿಂದಿನ ಶಿಲ್ಕು ಮೂರು ಸಾವಿರದ ಇನ್ನೂರು ಕೂಡಿಸಿ, ಹೊರಗೆ ಕೊಟ್ಟ ಖರ್ಚು ಕಳೆದರೆ ಗೋದಾಮಿನಲ್ಲಿ ಒಂಬತ್ತು ಸಾವಿರದ ಒಂಬೈನೂರ ಐವತ್ತು ಚೀಲ ಇರಬೇಕು. ಸ್ಟೋರಿನವರು ಎಣಿಸಿ ಬರೆದುಕೊಟ್ಟ ಚೀಟಿಯಲ್ಲಿ ಎಂಟು ಸಾವಿರದ ಆರುನೂರು ಎಂದಿತ್ತು.

ಸಾವಿರದ ಮುನ್ನೂರ ಐವತ್ತು ಚೀಲ ಕಡಿಮೆ.

ನಾನು ಅದನ್ನು ಹಾಗೆಯೇ ಛಾಪಿಸಿ ಸಾಹೇಬರ ಮೇಜಿನ ಮೇಲಿಟ್ಟೆ. ಇಡುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕಡಿಮೆ ಬಂದಿದೆ ಎಂದರೆ ಕಡಿಮೆ ಬಂದಿದೆ, ಅಷ್ಟೇ.

ಸ್ಟೋರ್‌ಕೀಪರರು ಕಾಗವಾಡದ ಕಡೆಯವರು. ಐವತ್ತು ದಾಟಿದ್ದರು, ಇಪ್ಪತ್ತು ವರ್ಷದಿಂದ ಅದೇ ಗೋದಾಮಿನ ಬೀಗದಕೈ ಅವರ ಸೊಂಟದಲ್ಲಿತ್ತು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಬುದ್ಧನ ಒಂದು ಸಣ್ಣ ಪಟ. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಗೌರವದಿಂದ ಬಾಯಾರ ಎನ್ನುತ್ತಿದ್ದರು, ನಾನು ಅವರ ಮಗಳ ವಯಸ್ಸಿನವಳಾದರೂ. ಸಾಹೇಬರು ಅವರನ್ನು ಕರೆಸಿ ನನ್ನ ಕಾಗದ ಮುಂದಿಟ್ಟರು. ನಾನೂ ಅಲ್ಲೇ ನಿಂತಿದ್ದೆ.

"ಸಾವಿರದ ಮುನ್ನೂರಾ ಐವತ್ತು ಚೀಲ ಎಲ್ಲಿ ಹೋದುವು?" ಎಂದರು ಸಾಹೇಬರು.

ಕಾಕಾ ಕನ್ನಡಕ ಹಾಕಿಕೊಂಡು ಕಾಗದವನ್ನು ಸಾಲು ಸಾಲಾಗಿ ನೋಡಿದರು. "ಎಲ್ಲೂ ಹೋಗಿಲ್ರಿ ಸಾಹೇಬ್ರ. ಐವತ್ತರ ಕಟ್ಟು ನೂರಾ ಎಪ್ಪತ್ತೆರಡು ಅದಾವ. ನಾನ ಎಣಿಸೇನಿ."

"ಹಂಗಾರ ಈ ಇಪ್ಪತ್ತೇಳು ಕಟ್ಟು?"

ಕಾಕಾ ನನ್ನ ಕಡೆ ತಿರುಗಿದರು. "ಬಾಯಾರ, ತೂತು ಚೀಲಾ ಪರತ್ ಕಳಿಸಿದ್ವಲ್ರಿ, ನಾಕು ಸಲ. ಅದನ್ನ ಹಿಡದೀರೇನು?"

"ಹಿಡದೇನ್ರಿ ಕಾಕಾ," ಎಂದೆ. ಮತ್ತೆ ಕಾಗದದಲ್ಲಿ ಆ ನಾಲ್ಕು ಸಾಲುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. "ಇಲ್ಲೇ ಅದಾವ ನೋಡ್ರಿ. ಮೈನಸ್ ಹಾಕೈತಿ."

ಅವರು ನೋಡಿದರು. ಇದ್ದವು. ನಾಲ್ಕೂ ಇದ್ದವು. ನನ್ನ ಬೆರಳು ಅವರ ಬಾಯಿ ಮುಚ್ಚಿಸಿತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ನನಗೆ ಅನಿಸಿದ್ದು, ಪಾಪ, ಎಣಿಕೆಯಲ್ಲಿ ಎಲ್ಲೋ ತಪ್ಪಿದ್ದಾರೆ ಎಂದು.

ಸಾಹೇಬರು ಇಬ್ಬರಿಗೂ ಹೇಳಿದರು: "ನೀವು ಮತ್ತೊಮ್ಮೆ ಎಣಿಸ್ರಿ. ನೀನೂ ಬುಡದಿಂದ ಮತ್ತೊಮ್ಮೆ ತಗೀವ್ವಾ."

ಮರುದಿನ, ಶುಕ್ರವಾರ, ಗಾಜಿನ ಕೋಣೆಯಿಂದ ಹೊಸ ಫ್ಲಾಪಿಯಲ್ಲಿ ಅದೇ ವರದಿ ತಂದೆ. ಇಂಥ ಫೈಲು ತೆರೆಯುವಾಗ ಸ್ಪ್ರೆಡ್‌ಶೀಟು ಸಾಲುಗಳನ್ನು ತೋರಿಸಿ, ಎಲ್ಲೆಲ್ಲಿ ಕತ್ತರಿಸಲಿ ಎಂದು ಕೇಳುತ್ತದೆ. ತಾರೀಖು ಒಂದು ಮನೆಗೆ, ಸಾಮಾನು ಒಂದು ಮನೆಗೆ, ಅಂಕಿ ಒಂದು ಮನೆಗೆ. ಮೊದಲ ಸಲ ಯಂತ್ರ ತಾನೇ ಎಳೆದ ಗೆರೆಗಳನ್ನು ಒಪ್ಪಿಕೊಂಡಿದ್ದೆ. ಈ ಸಲ ಮುತುವರ್ಜಿಯಿಂದ ಒಂದೊಂದು ಗೆರೆಯನ್ನೂ ನಾನೇ ಇಟ್ಟೆ. ಅಂಕಿಯ ಕೊನೆಯಲ್ಲಿ ಗೆರೆ ಇಡುವಾಗ ಮೈನಸ್ ಗುರುತು ಗೆರೆಯ ಆಚೆಗೆ ಉಳಿಯಿತು. ಅದು ಪಕ್ಕದ ಇಕ್ಕಟ್ಟಾದ ಮನೆಗೆ ಹೋಗಿ ಕೂತಿತು. ಪರದೆಯ ಮೇಲೆ ನೋಡಿದರೆ ಮೊದಲಿನ ಹಾಗೆಯೇ ಕಾಣುತ್ತಿತ್ತು: ಐನೂರು, ಅದರ ಬೆನ್ನಿಗೆ ಮೈನಸ್. ಈ ಸಲ ಅಂಕಿಗಳು ಎಡಕ್ಕೆ ಅಂಟಿಕೊಳ್ಳಲೂ ಇಲ್ಲ. ತಾವಾಗಿಯೇ ಬಲಕ್ಕೆ ನಿಂತವು. ಈಗ ಸರಿಹೋಯಿತು ಎಂದುಕೊಂಡೆ.

ಬೇರೀಜು ತೊಂಬತ್ತೇಳು ಸಾವಿರದ ಎಂಟುನೂರು ಬಂತು. ಕೊರತೆ ಎರಡು ಸಾವಿರದ ಏಳುನೂರು ಚೀಲ.

ಅದೇ ವರದಿ, ಅದೇ ಅರವತ್ತೊಂದು ಸಾಲು, ಅದೇ ಯಂತ್ರ, ಅದೇ ನಾನು. ನಿನ್ನೆ ಒಂದು, ಇವತ್ತು ಒಂದು. ಎರಡು ಮೂರು ಸಲ ಸೂತ್ರ ಅಳಿಸಿ ಬರೆದೆ. ಅಂಕಿ ಅಲುಗಲಿಲ್ಲ. ಅಷ್ಟರಲ್ಲಿ ಕಾಕಾ ಬಂದರು. ಅವರು ಬೆಳಿಗ್ಗೆಯಿಂದ ಎಣಿಸಿದ್ದರು, ಮತ್ತೆ ನೂರಾ ಎಪ್ಪತ್ತೆರಡೇ ಕಟ್ಟು. ನನ್ನ ಹೊಸ ಅಂಕಿ ಹೇಳಿದೆ.

"ಇದೇನ್ರಿ ಬಾಯಾರ, ದಿನಕ್ಕ ಡಬಲ್ ಆಗಾಕತ್ತೈತಲ್ಲ."

ಸಾಹೇಬರು ಸಿಟ್ಟಾದರು. ನನ್ನ ಮೇಲಲ್ಲ, ಕಾಕಾರ ಮೇಲೆ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ಆಗಿನ ಎಲ್ಲರ ಹಾಗೆ ಅವರೂ ನಂಬಿದ್ದರು. ಹಾಗಾದರೆ ಎರಡು ದಿನ ಎರಡು ಅಂಕಿ ಯಾಕೆ ಹೇಳಿತು ಎಂದು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನನ್ನ ಸರ್ಟಿಫಿಕೇಟಿನ ಬಣ್ಣ ಬಯಲಾದೀತು ಎಂಬ ಅಂಜಿಕೆ ಇತ್ತು. ಶನಿವಾರ ಮಧ್ಯಾಹ್ನ ಸಾಹೇಬರು ಕಾಕಾರ ಕೈಗೆ ಒಂದು ಮೆಮೋ ಕೊಟ್ಟರು, ಏಳು ದಿನದೊಳಗೆ ವಿವರಣೆ ಕೊಡಬೇಕು ಎಂದು. ಗೋದಾಮಿನ ಬೀಗದಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಲಾಯಿತು. ಕಾಕಾ ಸೊಂಟದ ಉಡದಾರಕ್ಕೆ ಕಟ್ಟಿದ್ದ ಗೊಂಚಲನ್ನು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಗಂಟು ಹಳೆಯದು, ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ದಾರ ಕತ್ತರಿಸಿದರು.

ಚಹಾದ ಅಂಗಡಿಯಲ್ಲಿ ಜನ ಮಾತಾಡಿಕೊಂಡರು. "ನಮಗ ಮೊದಲ ಗೊತ್ತಿತ್ತು" ಎಂದ ಒಬ್ಬ. ಇನ್ನೊಬ್ಬ ಕಾಕಾರ ಊರಿನಲ್ಲಿ ಅವರ ಮನೆ ಯಾವ ಓಣಿಯಲ್ಲಿದೆ ಎಂದು ಹೇಳಿ, ಅದೇ ಪುರಾವೆ ಎಂಬಂತೆ ನಕ್ಕ. ಇಪ್ಪತ್ತು ವರ್ಷದಲ್ಲಿ ಆ ಗೋದಾಮಿನಲ್ಲಿ ಒಂದು ಮೊಳೆಯೂ ಹೆಚ್ಚುಕಡಿಮೆಯಾದದ್ದನ್ನು ಅವರಿಬ್ಬರೂ ಕಂಡವರಲ್ಲ. ನಾನು ಲೋಟ ಅರ್ಧಕ್ಕೇ ಇಟ್ಟು ಎದ್ದು ಬಂದೆ. ಅವರು ಕದ್ದಿಲ್ಲ ಎನ್ನಲು ನನ್ನ ಹತ್ತಿರ ಏನಿತ್ತು? ನನ್ನ ಹತ್ತಿರ ಇದ್ದದ್ದು ಅವರು ಕದ್ದಿದ್ದಾರೆ ಎನ್ನುವ ಕಾಗದ ಮಾತ್ರ. ಅದೂ ಎರಡು ಥರ.

ಆ ಭಾನುವಾರ ಊರಲ್ಲಿದ್ದೆ. ಅಪ್ಪ ಕಟ್ಟೆಯ ಮೇಲೆ ಕೂತು ಕುರಿಯ ಕಾಲಿಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದ. ವಿಷಯ ಹೇಳಿದೆ. ಸ್ಪ್ರೆಡ್‌ಶೀಟು, ಫ್ಲಾಪಿ ಎಂದದ್ದೆಲ್ಲ ಅವನ ಕಿವಿಗೆ ಬೀಳಲಿಲ್ಲ. ಒಂದನ್ನೇ ಕೇಳಿದ.

"ನೀ ಹೋಗಿ ಎಣಿಸೀಯೇನು?"

"ನಾ ಯಾಕ ಎಣಿಸಲಿ? ನನ್ನ ಕೆಲಸ ಕಾಗದದ್ದು."

"ಮತ್ತ ಕಡಿಮಿ ಅದಾವಂತ ಹೆಂಗ ಹೇಳ್ದಿ?"

ನನಗೆ ರೇಗಿತು. ಇವನಿಗೆ ಏನು ಗೊತ್ತು ಎಂದುಕೊಂಡೆ. ಆದರೆ ಸೋಮವಾರ ಕಾರ್ಖಾನೆಗೆ ಬಂದವಳು ಸೀದಾ ಮೇಜಿಗೆ ಹೋಗಲಿಲ್ಲ, ಗೋದಾಮಿಗೆ ಹೋದೆ. ಎರಡು ವರ್ಷದ ನೌಕರಿಯಲ್ಲಿ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊಸ ಸೆಣಬಿನ ವಾಸನೆಗೆ ಮೂಗು ಕಟ್ಟಿತು. ಕಟ್ಟುಗಳನ್ನು ಹತ್ತರ ಥಪ್ಪಿ ಮಾಡಿ ಒಟ್ಟಿದ್ದರು. ಹದಿನೇಳು ಥಪ್ಪಿ, ಮೇಲೆ ಎರಡು ಕಟ್ಟು. ನೂರಾ ಎಪ್ಪತ್ತೆರಡು. ಮೂರು ಕಟ್ಟು ಬಿಚ್ಚಿಸಿ ಚೀಲ ಎಣಿಸಿದೆ. ಐವತ್ತಕ್ಕೆ ಐವತ್ತು. ಕಾಕಾರ ಎಣಿಕೆಯಲ್ಲಿ ತಪ್ಪಿರಲಿಲ್ಲ.

ಕಾಕಾ ತೂಕದ ಕಾಟಾದ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಯಾವ ಕೆಲಸವನ್ನೂ ಹೇಳಿರಲಿಲ್ಲ, ಮನೆಗೆ ಹೋಗಿ ಎಂದೂ ಹೇಳಿರಲಿಲ್ಲ. ನಾನು ಹೋಗಿ, "ಕಾಕಾ, ನಿಮ್ಮ ಸ್ವಂತ ರಜಿಸ್ಟರ್ ಐತೇನ್ರಿ? ಕೈಲೆ ಬರದದ್ದು," ಎಂದೆ.

"ಐತಲ್ರಿ. ಅದನ್ನ ಯಾರು ಕೇಳ್ತಾರ ಈಗ?"

"ನಾ ಕೇಳಾಕತ್ತೇನಲ್ರಿ."

ಮಂಗಳವಾರ ನಾವಿಬ್ಬರೂ ನನ್ನ ಮೇಜಿನ ಎರಡು ಬದಿಗೆ ಕೂತೆವು. ಅವರು ರಜಿಸ್ಟರಿನಿಂದ ಒಂದೊಂದು ಸಾಲು ಓದಿದರು, ನಾನು ಪರದೆಯ ಮೇಲೆ ಅದನ್ನು ಹುಡುಕಿ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿದೆ. ಮೊದಲ ದಿನದ ಫೈಲನ್ನೇ ತೆರೆದಿದ್ದೆ. "ಬಂದದ್ದು ಎರಡು ಸಾವಿರ." ಎರಡು ಸಾವಿರ ಇತ್ತು. "ಪರತ್ ಐನೂರು." ಐನೂರು ಇತ್ತು, ಮೈನಸ್ ಇತ್ತು, ಕಳೆದೆ. ಹೀಗೆ ಅರವತ್ತೊಂದು ಸಾಲು. ಎಲ್ಲವೂ ತಾಳೆಯಾದವು. ಒಂದು ಅಂಕಿಯೂ ವ್ಯತ್ಯಾಸವಿಲ್ಲ. ಕೊನೆಗೆ ಕ್ಯಾಲ್ಕ್ಯುಲೇಟರು ತೋರಿಸಿದ್ದು ತೊಂಬತ್ತೈದು ಸಾವಿರದ ನೂರು. ಪರದೆಯ ಕೆಳಗೆ ತೊಂಬತ್ತಾರು ಸಾವಿರದ ನಾನೂರ ಐವತ್ತು.

ಎಲ್ಲ ಸಾಲೂ ಸರಿ, ಮೊತ್ತ ಮಾತ್ರ ತಪ್ಪು. ಇದು ಹೇಗೆ ಸಾಧ್ಯ? ನಾನು ಕ್ಯಾಲ್ಕ್ಯುಲೇಟರನ್ನೇ ಅನುಮಾನಿಸಿ ಮತ್ತೊಮ್ಮೆ ಒತ್ತಿದೆ. ಅದೇ ಬಂತು.

"ಬಾಯಾರ," ಎಂದರು ಕಾಕಾ, "ಎಷ್ಟ ಫರಕ?"

"ಸಾವಿರದ ಮುನ್ನೂರಾ ಐವತ್ತು."

ಅವರು ರಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಅಂಕಿ ಬರೆದು ಕೂಡಿಸಿದರು. ಐನೂರು, ನಾನೂರು, ಮುನ್ನೂರು, ನೂರೈವತ್ತು. "ನಾ ಪರತ್ ಕಳಿಸಿದ್ದೂ ಅಷ್ಟ ಐತ್ರಿ."

ನಾನು ಆ ಪೆನ್ಸಿಲಿನ ಮೊತ್ತವನ್ನು ನೋಡುತ್ತ ಕೂತೆ. ಆಮೇಲೆ ಪರದೆಯ ಮೇಲೆ ಆ ಐನೂರರ ಮನೆಗೆ ಹೋಗಿ ಅದನ್ನು ಅಳಿಸಿಬಿಟ್ಟೆ. ಕೆಳಗಿನ ಮೊತ್ತ ಒಂದಿಷ್ಟೂ ಅಲುಗಲಿಲ್ಲ. ನಾನೂರನ್ನು ಅಳಿಸಿದೆ. ಅಲುಗಲಿಲ್ಲ. ನಾಲ್ಕನ್ನೂ ಅಳಿಸಿದೆ. ತೊಂಬತ್ತಾರು ಸಾವಿರದ ನಾನೂರ ಐವತ್ತು ಕಲ್ಲಿನ ಹಾಗೆ ಕೂತಿತ್ತು. ಅವುಗಳನ್ನು ವಾಪಸು ತಂದು, ಬೇರೆ ಮನೆಯಲ್ಲಿ ಎರಡು ಸಾವಿರಕ್ಕೂ ಆ ಐನೂರಕ್ಕೂ ನಡುವೆ ಬರೀ ಕೂಡಿಸುವ ಗುರುತು ಹಾಕಿ ನೋಡಿದೆ. ಉತ್ತರದ ಜಾಗದಲ್ಲಿ ಅಂಕಿ ಬರಲಿಲ್ಲ, ತಪ್ಪು ಎಂದು ಹೇಳುವ ಒಂದು ಇಂಗ್ಲಿಷ್ ಶಬ್ದ ಬಂತು. ಬೇರೀಜಿನ ಸೂತ್ರ ಅವುಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಿತ್ತು, ಬರೀ ಕೂಡಿಸುವ ಗುರುತು ಹಟ ಹಿಡಿದು ನಿಲ್ಲುತ್ತಿತ್ತು. ಯಂತ್ರದ ಕಣ್ಣಿಗೆ ಅವು ಅಂಕಿಗಳೇ ಆಗಿರಲಿಲ್ಲ.

"ಕಾಕಾ, ಇದಕ್ಕ ಇವು ಕಾಣವಲ್ವು," ಎಂದೆ.

"ನಮಗ ಕಾಣ್ತಾವಲ್ಲ?"

"ನಮಗ ಕಾಣ್ತಾವು."

ಅವರು ನನ್ನನ್ನೂ ಪರದೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಅವರಿಗೆ ಸಮಾಧಾನವಾಯಿತೋ ಇನ್ನಷ್ಟು ಗೊಂದಲವಾಯಿತೋ ನನಗೆ ತಿಳಿಯಲಿಲ್ಲ. ನನಗಂತೂ ಗೊಂದಲವೇ ಹೆಚ್ಚಾಗಿತ್ತು. ಶುಕ್ರವಾರದ ಎರಡು ಸಾವಿರದ ಏಳುನೂರು ಇನ್ನೂ ಬಿಡಿಸಿರಲಿಲ್ಲ.

ಬುಧವಾರ ನಿಪ್ಪಾಣಿಯ ಪ್ರೋಗ್ರಾಮರ್ ಬಂದರು. ಸದಾ ಅವಸರದ ಮನುಷ್ಯ, ಮರಾಠಿ ಕನ್ನಡ ಕಲಸಿ ಮಾತಾಡುವವರು. ಕಾಗದ ನೋಡಿದ ಕೂಡಲೇ ಹಣೆ ಬಡಿದುಕೊಂಡರು.

"ಅರೇ ದೇವಾ! ನಮ್ಮ ಪ್ರೋಗ್ರಾಂ ಕೋಬಾಲ್ ಭಾಷಾದಾಗ ಬರದದ್ದು ಮೇಡಮ್. ಛಾಪಿಸೂ ಮುಂದ ಅಂಕಿ ಸರಳ ಸಾಲಿನ್ಯಾಗ ನಿಲ್ಲಲಿ ಅಂತ ಮೈನಸ್ ಹಿಂದ ಇಟ್ಟೇನಿ. ಕಾಗದಾ ಓದೂ ಮನಶ್ಯಾಗ ಬರೋಬ್ಬರಿ. ನಿಮ್ಮ ಶೀಟಿಗೆ ಮೈನಸ್ ಮುಂದ ಬೇಕು. ಹಿಂದ ಬಂತಂದ್ರ ಅದು ಹೆಸರು ಅಂತ ತಿಳೀತೈತಿ, ನಂಬರ್ ಅಂತ ಅಲ್ಲ. ಎಡಕ್ಕ ಸರದು ನಿಂತಿರಬೇಕಲ್ಲ?"

ಬಲಕ್ಕೆ ಜೋಡಿಸಿದ ಗುಂಡಿಯ ನೆನಪಾಯಿತು. ಇವು ಅಂಕಿಯಲ್ಲ ಎಂದು ಯಂತ್ರ ತನಗೆ ಗೊತ್ತಾದ ರೀತಿಯಲ್ಲಿ ಹೇಳಿತ್ತು, ಚಂದ ಕಾಣಲೆಂದು ನಾನು ಅದನ್ನು ಒರೆಸಿದ್ದೆ.

ಶುಕ್ರವಾರದ ಫೈಲು ತೋರಿಸಿದೆ. ಅವರು ಆ ಇಕ್ಕಟ್ಟಾದ ಮನೆಯ ಮೇಲೆ ಬೆರಳಿಟ್ಟರು. "ಇಲ್ಲೆ ಮೈನಸ್ ಬ್ಯಾರೆ ಮನಿಗೆ ಹೋತು. ಉಳದದ್ದು ಬರೇ ಐನೂರು. ಅದನ್ನ ಕೂಡಿಸ್ತು. ಕಳೀಬೇಕಾದ್ದನ್ನ ಕೂಡಿಸಿದರ ಫರಕ ಡಬಲ್ ಆಗೂದ ಅಲ್ಲೇನ್ರಿ?"

ಹೌದು. ಮೊದಲ ಸಲ ನಾಲ್ಕನ್ನು ಬಿಟ್ಟಿತ್ತು, ಎರಡನೇ ಸಲ ಕಳೆಯುವ ಬದಲು ಕೂಡಿಸಿತ್ತು. ಹೇಳಿದ ಮೇಲೆ ಎಷ್ಟು ಸುಲಭ! ಐದು ದಿನ ನನ್ನ ತಲೆಗೆ ಹೊಳೆಯಲಿಲ್ಲ.

ಅವರಿಗೆ ಗಾಜಿನ ಕೋಣೆಯಲ್ಲಿ ಕೆಲಸವಿತ್ತು. "ನಿಮ್ಮ ಕಡೇನ ಮೈನಸ್ ಮುಂದ ತರ್ರಿ, ಸೂತ್ರ ಬರೀರಿ," ಎಂದು ಹೋದರು. ಮೊದಲ ದಿನದ ಫೈಲಿನಲ್ಲಿ ನಾನು ಬರೆದೆ. ಕೊನೆಯ ಅಕ್ಷರ ಮೈನಸ್ ಆಗಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡು, ಅದರ ಮುಂದೆ ಒಂದು ಮೈನಸ್ ಅಂಟಿಸು, ಇಲ್ಲದಿದ್ದರೆ ಇದ್ದಹಾಗೆ ಇಡು ಎಂದು. ಪಕ್ಕದ ಹೊಸ ಕಾಲಮ್ಮಿನಲ್ಲಿ ಸೊಗಸಾಗಿ ಬಂತು: ಮೈನಸ್ ಐನೂರು, ಮೈನಸ್ ನಾನೂರು. ಶಾಲೆಯಲ್ಲಿ ಕಲಿತ ಹಾಗೆಯೇ. ಹೊಸ ಕಾಲಮ್ಮನ್ನು ಕೂಡಿಸಿದೆ.

ತೊಂಬತ್ತಾರು ಸಾವಿರದ ನಾನೂರ ಐವತ್ತು.

ಅಳು ಬಂತು, ನಿಜವಾಗಿ. ಈಗ ಮೈನಸ್ ಮುಂದೆಯೇ ಇತ್ತಲ್ಲ! ಕಾಕಾ ಎದುರಿಗೇ ಕೂತಿದ್ದರು. "ಏನಾತ್ರಿ?" ಎಂದರು. ಆಗ ಕಣ್ಣಿಗೆ ಬಿತ್ತು, ಆ ನಾಲ್ಕು ಮಾತ್ರ ಹೊಸ ಕಾಲಮ್ಮಿನಲ್ಲೂ ಎಡಗೋಡೆಗೇ ಅಂಟಿದ್ದವು. ಈ ಸಲ ನಾನು ಗುಂಡಿ ಒತ್ತಲಿಲ್ಲ. ಅಕ್ಷರಕ್ಕೆ ಅಕ್ಷರ ಅಂಟಿಸಿದರೆ ಹುಟ್ಟುವುದೂ ಅಕ್ಷರವೇ, ನೋಡಲು ಅಂಕಿಯ ಹಾಗಿದ್ದರೂ. ಮತ್ತೆ ಬರೆದೆ: ಮೈನಸ್ ಬಿಟ್ಟು ಉಳಿದದ್ದನ್ನು ಮೊದಲು ಅಂಕಿಯಾಗಿ ಮಾಡು, ಆಮೇಲೆ ಮೈನಸ್ ಒಂದರಿಂದ ಗುಣಿಸು. ಸೂತ್ರವನ್ನು ಅರವತ್ತೊಂದು ಸಾಲಿಗೂ ಎಳೆದೆ. ನಾಲ್ಕೂ ಎಡಗೋಡೆ ಬಿಟ್ಟು ಬಲಕ್ಕೆ ಬಂದು ನಿಂತವು. ಕೆಳಗೆ ತೊಂಬತ್ತೈದು ಸಾವಿರದ ನೂರು.

ಹಿಂದಿನ ಶಿಲ್ಕು ಕೂಡಿಸಿ, ಖರ್ಚು ಕಳೆದೆ. ಎಂಟು ಸಾವಿರದ ಆರುನೂರು. ಒಂದು ಚೀಲ ಹೆಚ್ಚಿಲ್ಲ, ಒಂದು ಚೀಲ ಕಡಿಮೆಯಿಲ್ಲ.

ಕಾಕಾ ಪರದೆಯ ಹತ್ತಿರ ಬಾಗಿ ಆ ಅಂಕಿಯನ್ನು ತುಟಿ ಅಲುಗಿಸುತ್ತ ಓದಿದರು. ಆಮೇಲೆ ರಜಿಸ್ಟರು ಮಡಚಿ ಬಗಲಿಗೆ ಇಟ್ಟುಕೊಂಡರು. ಖುಷಿಯಾಗಲಿ ಸಿಟ್ಟಾಗಲಿ ಮುಖದಲ್ಲಿ ಕಾಣಲಿಲ್ಲ.

ಸಾಹೇಬರಿಗೆ ತೋರಿಸಿದೆ. ಅವರು ಎರಡು ಸಲ ಕೇಳಿ ತಿಳಿದುಕೊಂಡರು. "ಹಂಗಾರ ಏನೂ ಕಡಿಮಿ ಇಲ್ಲ," ಎಂದರು. "ಇಲ್ರಿ," ಎಂದೆ. ಮೆಮೋ ಹಿಂದಕ್ಕೆ ತೆಗೆದುಕೊಳ್ಳಬೇಕು, ಬೀಗದಕೈ ವಾಪಸು ಕೊಡಬೇಕು ಎಂದು ಬರೆಸಿದರು. ಕಾರಣದ ಜಾಗದಲ್ಲಿ "ಕಂಪ್ಯೂಟರ್ ದೋಷ" ಎಂದು ಹೇಳಿದರು. ನಾನು ಬರೆದುಕೊಂಡು ಹೊರಗೆ ಬಂದೆ. ಕಾಕಾ ಬಾಗಿಲಲ್ಲೇ ನಿಂತಿದ್ದರು, ಕೇಳಿಸಿಕೊಂಡಿದ್ದರು.

"ಬಾಯಾರ, ಕಂಪ್ಯೂಟರ್ ದೋಷ ಅಂತ ಬರೀಬ್ಯಾಡ್ರಿ," ಎಂದರು ಮೆಲ್ಲಗೆ. "ಅದಕ್ಕ ಆ ನಾಕು ಕಾಣವಲ್ವು ಅಂತ ನೀವ ಹೇಳಿದ್ರಿ. ಅದು ತನಗ ತಿಳಿದಷ್ಟು ಮಾಡೈತಿ. ತಿಳೀಲಾರದ್ದು ನಿಮಗ. ನಿಮಗ ತಿಳೀಲಿಲ್ಲ ಅಂತ ಬರೀರಿ. ನಾಳೆ ಯಾರರ ನನ್ನ ಫೈಲ್ ತಗದ ನೋಡಿದರ, ದೋಷ ಅಂದ್ರ ಏನು ಅಂತ ಹೆಂಗ ತಿಳೀಬೇಕು? ಮನಶ್ಯಾರೊಳಗ ಒಬ್ಬಾಕಿ ನಾ ತಪ್ಪೀನಿ ಅಂದ್ರ ತಿಳೀತೈತಿ."

ನಾನು ಮತ್ತೆ ಒಳಗೆ ಹೋಗಿ ಸಾಹೇಬರಿಗೆ ಹಾಗೆ ಬರೆಯಲೇ ಎಂದು ಕೇಳಿದೆ. "ಹುಚ್ಚಿ ಅದೀಯೇನ? ಆಡಿಟ್‌ದವರು ನಮ್ಮ ವಿಭಾಗದ ಮ್ಯಾಲೆ ಬರೀತಾರ," ಎಂದು ಬೈದರು. ಆಫೀಸಿನ ಕಾಗದದಲ್ಲಿ ಕಂಪ್ಯೂಟರ್ ದೋಷವೇ ಉಳಿಯಿತು. ನಾನು ಇನ್ನೊಂದು ಬಿಳಿ ಹಾಳೆ ತೆಗೆದುಕೊಂಡು, ವಾಪಸು ಹೋದ ಚೀಲಗಳ ಅಂಕಿಗಳನ್ನು ನಾನು ತಿಳಿಯದೆ ಲೆಕ್ಕದಲ್ಲಿ ಕಳೆಯಲಿಲ್ಲ, ಅವರ ಎಣಿಕೆ ಮೊದಲಿನಿಂದಲೂ ಸರಿ ಇತ್ತು ಎಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ ಅವರಿಗೆ ಕೊಟ್ಟೆ. ಅದಕ್ಕೆ ಆಫೀಸಿನ ಸಿಕ್ಕೆ ಇರಲಿಲ್ಲ, ನಂಬರು ಇರಲಿಲ್ಲ. ಅವರು ನಿಂತೇ ಓದಿದರು. ಒಂದು ಕಡೆ ಬೆರಳಿಟ್ಟು, "ಇಲ್ಲೆ ಇಪ್ಪತ್ತೇಳು ಕಟ್ಟು ಅಂತನೂ ಹಾಕ್ರಿ," ಎಂದರು. ಹಾಕಿದೆ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀಗದಕೈ ತರಲು ಹೋದರು. ಗೋದಾಮಿನ ಮುಂದೆ ಸುತಳಿಯ ಲಾರಿ ಬಂದು ನಿಂತಿತ್ತು, ಇಳಿಸಲು ಯಾರೂ ಇರಲಿಲ್ಲ.

ಆ ವಾರವೇ ನನಗೆ ಇನ್ನೊಂದು ಸಂಶಯ ಶುರುವಾಯಿತು. ಅದಕ್ಕೂ ಮೊದಲು ಇದೇ ರೀತಿ ನಾನು ತೆಗೆದ ಬೇರೀಜುಗಳು? ಹಳೆಯ ಫ್ಲಾಪಿಗಳನ್ನು ತೆಗೆದು ನೋಡಿದೆ. ಸುಣ್ಣದ ಒಂದು ಲೆಕ್ಕದಲ್ಲಿ ಹಿಂದೆ ನಿಂತ ಮೈನಸ್ ಒಂದೇ ಒಂದು ಸಿಕ್ಕಿತು. ಆಗ ಬಂದಿದ್ದ ಕೊರತೆಯನ್ನು ಗಾಳಿಗೆ ಹಾರಿದ ಪುಡಿ ಎಂದು ಬರೆದು ಮುಗಿಸಿದ್ದರು. ಯಾರ ಮೇಲೂ ಬಂದಿರಲಿಲ್ಲ. ಸಾಹೇಬರಿಗೆ ಹೇಳಿದರೆ, "ಮುಗದದ್ದನ್ನ ಯಾಕ ಕೆದಕ್ತಿ?" ಎಂದರು. ಆ ಫ್ಲಾಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಡ್ರಾವರಿನ ತಳಕ್ಕೆ ಹಾಕಿದೆ.

ಕಾಕಾ ಆಮೇಲೂ ನನ್ನನ್ನು ಬಾಯಾರ ಎಂದೇ ಕರೆದರು, ಸಿಕ್ಕಾಗ ಮಾತಾಡಿಸಿದರು. ಆದರೆ ನಾನು ಸ್ಟೋರಿನ ಲೆಕ್ಕದ ಹೊಸ ತಖ್ತೆ ಕಳಿಸಿದಾಗಲೆಲ್ಲ ತಾವೇ ರಜಿಸ್ಟರು ಹಿಡಿದು ಬಂದು, ಎದುರಿಗೆ ಕೂತು, ಒಂದೊಂದು ಸಾಲು ಓದಿ ತಾಳೆ ನೋಡಿಯೇ ಸಹಿ ಹಾಕುತ್ತಿದ್ದರು. ಅದು ನನ್ನ ಮೇಲಿನ ಅಪನಂಬಿಕೆಯೋ, ಇಬ್ಬರೂ ಕೂಡಿ ಮಾಡಿದ ಕೆಲಸದ ರೂಢಿಯೋ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅವರು ನಿವೃತ್ತರಾಗುವವರೆಗೂ ಕೇಳಲಿಲ್ಲ. ನನಗೆ ಈಗಲೂ ಗೊತ್ತಿಲ್ಲ.